ಬ್ಯಾಕ್ ಟು ಬ್ಯಾಕ್ ಅಂತ ಸೈನ್ ಮಾಡಿ ಕಲಿತಿದ್ದು

ನಾನು ಬೆಂಗಳೂರಲ್ಲಿ ಫೈರ್ ಫೈಟಿಂಗ್ ಕೆಲಸ ಸಬ್ ಕಾಂಟ್ರಾಕ್ಟ್ ತಗೊಂಡು ಮಾಡ್ತೀನಿ. ಒಂದು ಆಫೀಸ್ ಬಿಲ್ಡಿಂಗ್, ನನ್ನ ಪಾಲಿನ ಕೆಲಸ 1.6 ಕೋಟಿ. ವರ್ಕ್ ಆರ್ಡರ್‌ನಲ್ಲಿ ಒಂದೇ ಸಾಲು ಇತ್ತು, ಓನರ್‌ಗೂ ಮೇನ್ ಕಾಂಟ್ರಾಕ್ಟರ್‌ಗೂ ಆಗಿರೋ ಮೇನ್ ಕಾಂಟ್ರಾಕ್ಟ್‌ನ ಎಲ್ಲಾ ಷರತ್ತು ನಿಮಗೂ ಬ್ಯಾಕ್ ಟು ಬ್ಯಾಕ್ ಅನ್ವಯ ಅಂತ. ಮೇನ್ ಕಾಂಟ್ರಾಕ್ಟ್ ನಾನು ನೋಡೇ ಇರ್ಲಿಲ್ಲ, ಆದ್ರೂ ಸೈನ್ ಮಾಡ್ದೆ.

ಡಿಫೆಕ್ಟ್ ಲಯಬಿಲಿಟಿ, ಅಂದ್ರೆ ಏನಾದ್ರೂ ಕೆಟ್ರೆ ನಾನೇ ಸರಿ ಮಾಡ್ಕೊಡಬೇಕಾದ ಅವಧಿ, 12 ತಿಂಗಳು ಅನ್ನೋದು ಮಾತ್ರ ಗೊತ್ತಿತ್ತು, ಅದು ಯಾವತ್ತಿಂದ ಶುರು ಅಂತ ಕೇಳ್ಲಿಲ್ಲ. ಏಪ್ರಿಲ್‌ನಲ್ಲಿ ಪಂಪ್ ಕಮಿಷನ್ ಮಾಡಿ ಕೊಟ್ಟೆ, ಆದ್ರೆ ಮೇನ್ ಕಾಂಟ್ರಾಕ್ಟ್ ಪ್ರಕಾರ ಆ 12 ತಿಂಗಳು ಶುರುವಾಗೋದು ಓನರ್ ಇಡೀ ಬಿಲ್ಡಿಂಗ್ ವಹಿಸ್ಕೊಂಡ ದಿನದಿಂದ, ಅದಾಗಿದ್ದು ಮುಂದಿನ ವರ್ಷ ಜೂನ್‌ನಲ್ಲಿ. ಅಂದ್ರೆ ನನ್ನ ಹೊಣೆ 26 ತಿಂಗಳಾಯ್ತು, 5% ರಿಟೆನ್ಷನ್ ಅಂತ ಹಿಡಿದಿದ್ದ 8 ಲಕ್ಷನೂ ಅಷ್ಟು ದಿನ ಅಲ್ಲೇ ಕೂತಿತ್ತು. ಪಂಪ್ ಕಂಪನಿ ವಾರಂಟಿ ಇದ್ದಿದ್ದು ಕಮಿಷನ್ ಆಗಿ 12 ತಿಂಗಳು ಇಲ್ಲಾ ಡಿಸ್ಪ್ಯಾಚ್ ಆಗಿ 18 ತಿಂಗಳು, ಯಾವುದು ಮೊದಲೋ ಅದು.

ಆ ಆಗಸ್ಟ್‌ನಲ್ಲಿ ಮೋಟರ್ ವೈಂಡಿಂಗ್ ಸುಟ್ಟೋಯ್ತು. ವಾರಂಟಿ ಏಪ್ರಿಲ್‌ಗೇ ಮುಗಿದಿತ್ತು, ರೀವೈಂಡಿಂಗ್, ಸಾಗಾಣಿಕೆ ಎಲ್ಲಾ ಸೇರಿ 85 ಸಾವಿರ ನನ್ನ ಜೇಬಿಂದಾನೇ ಹೋಯ್ತು. ನನಗೆ ನಿಜವಾಗ್ಲೂ ನೋವಾಗಿದ್ದು ಬೇರೆ ವಿಷಯಕ್ಕೆ, ನಾನು ಕೆಲಸ ಮುಗಿಸಿ ಹೋದ್ಮೇಲೆ ಮೇನ್ ಕಾಂಟ್ರಾಕ್ಟರ್ ಹುಡುಗರು ಕಾಂಕ್ರೀಟ್ ಕ್ಯೂರಿಂಗ್‌ಗೆ ಹೈಡ್ರೆಂಟ್‌ನಿಂದಾನೇ ನೀರು ಬಿಟ್ಕೊಂಡು ದಿನಾ ಪಂಪ್ ಓಡಿಸಿದ್ರಂತೆ. ಅದನ್ನ ತೋರಿಸೋಕೆ ನನ್ನ ಹತ್ರ ಒಂದು ಕಾಗದಾನೂ ಇರ್ಲಿಲ್ಲ.

ಮುಂದಿನ ಕೆಲಸಕ್ಕೆ ಮೊದಲು ಮೇನ್ ಕಾಂಟ್ರಾಕ್ಟ್ ಕಾಪಿ ಕೇಳ್ದೆ, ರೇಟ್ ಬೇಕಾದ್ರೆ ಕಪ್ಪು ಹಚ್ಚಿ ಕೊಡಿ ಅಂದೆ, ಕೊಟ್ರು. ಆಮೇಲೆ ಮೇನ್ ಕಾಂಟ್ರಾಕ್ಟ್‌ಗಿಂತ ನನಗೆ ಬೇರೆ ಇರೋ ಷರತ್ತುಗಳನ್ನ ಬರೆದು ಒಂದು ಪುಟದ ಡೀವಿಯೇಷನ್ ಶೀಟ್ ಮಾಡಿ ವರ್ಕ್ ಆರ್ಡರ್‌ಗೆ ಸೇರಿಸೋಕೆ ಕೂತ್ಕೊಂಡ್ವಿ. ನನ್ನ ಹ್ಯಾಂಡೋವರ್ ದಿನದಿಂದ 12 ತಿಂಗಳು ಅಂತ ಬರೆದಿದ್ದೆ. ಅವರ ಕಾಂಟ್ರಾಕ್ಟ್ಸ್ ಮ್ಯಾನೇಜರ್, "ಹಂಗಾದ್ರೆ ಓನರ್ ನಮ್ಮನ್ನ ಹಿಡ್ಕೊಂಡಾಗ ಉಳಿದ ತಿಂಗಳು ಯಾರು ನೋಡ್ಕೋತಾರೆ ಸಾರ್?" ಅಂದ್ರು. ಅವರ ಕಷ್ಟನೂ ನ್ಯಾಯಾನೇ. ಕೊನೆಗೆ, ಓನರ್ ಯಾವಾಗ ವಹಿಸ್ಕೊಂಡ್ರೂ ನನ್ನ ಹ್ಯಾಂಡೋವರ್‌ನಿಂದ 24 ತಿಂಗಳಿಗಿಂತ ಹೆಚ್ಚಿಲ್ಲ ಅಂತ ಒಪ್ಕೊಂಡ್ವಿ. ಪಂಪ್ ಕಂಪನಿ ಹತ್ರ ಅಷ್ಟೇ ವಾರಂಟಿಗೆ ಕೊಟೇಷನ್ ತಗೊಂಡು ಆ ದುಡ್ಡನ್ನ ರೇಟ್‌ಗೇ ಸೇರಿಸ್ದೆ. ರಿಟೆನ್ಷನ್ ಅರ್ಧ ಹ್ಯಾಂಡೋವರ್‌ಗೆ, ಇನ್ನರ್ಧ ಬ್ಯಾಂಕ್ ಗ್ಯಾರಂಟಿ ಕೊಟ್ಟು ಬಿಡಿಸ್ಕೊಂಡೆ. ಬ್ಯಾಕ್ ಟು ಬ್ಯಾಕ್ ಷರತ್ತಿಗೂ ಈ ಶೀಟ್‌ಗೂ ತಾಳೆ ಆಗ್ದಿದ್ರೆ ಶೀಟ್‌ನಲ್ಲಿರೋದೇ ನಡೆಯುತ್ತೆ ಅನ್ನೋ ಸಾಲನ್ನ ಮಾತ್ರ ಹಠ ಹಿಡಿದು ಹಾಕಿಸ್ದೆ, ಅದಿಲ್ದಿದ್ರೆ ಶೀಟ್ ಇದ್ರೂ ಜಗಳ ಜಗಳಾನೇ.

ಹ್ಯಾಂಡೋವರ್ ದಿನ ಕನ್ಸಲ್ಟೆಂಟ್ ಮುಂದೆ ಪಂಪ್ ಪ್ಯಾನಲ್‌ನ ಅವರ್ ಮೀಟರ್ ಫೋಟೋ ತೆಗೆದು, ರೀಡಿಂಗ್‌ನ ಸರ್ಟಿಫಿಕೇಟ್‌ನಲ್ಲಿ ಬರೆಸಿ ಮೂರೂ ಜನ ಸೈನ್ ಮಾಡಿದ್ವಿ. ಆಮೇಲೆ ಯಾರು ಎಷ್ಟು ಓಡಿಸಿದ್ರೂ ಮೀಟರ್‌ನಲ್ಲಿ ಗೊತ್ತಾಗುತ್ತೆ.