ಅಮ್ಮ ಬಿದ್ದರೆ ಮಾತ್ರ ಕೂಗುವ ಪೆಟ್ಟಿಗೆ

"ನಿನ್ನ ಪೆಟ್ಟಿಗೆ ಕೂಗಿದಾಗಲೆಲ್ಲ ಪಕ್ಕದ ಮನೆಯವರು ಓಡಿ ಬರುತ್ತಾರೆ. ಅವರ ಮುಖ ನೋಡುವುದಕ್ಕೆ ನನಗೆ ನಾಚಿಕೆ" ಎಂದು ಅಮ್ಮ ಹೇಳಿದ ದಿನ ಎಲ್ಲವನ್ನೂ ಕಿತ್ತು ಅಟ್ಟಕ್ಕೆ ಹಾಕಿದ್ದೆ. ಅಮ್ಮ ಬಿದ್ದರೆ ಕ್ಯಾಮೆರಾದಲ್ಲಿ ನೋಡಿ ತಿಳಿದು ಕೂಗಲೆಂದು ನಾನೇ ಮಾಡಿದ ಪೆಟ್ಟಿಗೆ ಅದು. ಅಣ್ಣ ಮೊದಲೇ ನಕ್ಕಿದ್ದ. ಈಗ ಎಂಟು ತಿಂಗಳಿಂದ ಅದೇ ಪೆಟ್ಟಿಗೆ ಸಾಗರದ ಮನೆಯ ನಡುಮನೆಯಲ್ಲಿದೆ. ತಿಂಗಳಿಗೆ ಒಂದು ಸುಳ್ಳು ಕೂಗು ಬಂದರೆ ಹೆಚ್ಚು. ಶುರುವಿನಲ್ಲಿ ದಿನಕ್ಕೆ ಹತ್ತು ಹನ್ನೊಂದು ಇದ್ದವು.

ಸಾಮಾನು ಇಷ್ಟೇ: ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್, ಕತ್ತಲಲ್ಲೂ ಕಾಣುವ ನೋಐಆರ್ ಕ್ಯಾಮೆರಾ, ಒಂದು ಇನ್‌ಫ್ರಾರೆಡ್ ದೀಪ, ಜೊತೆಗೆ ಚಿತ್ರದಲ್ಲಿರುವವರ ಭುಜ, ಸೊಂಟ, ಮಣಿಕಟ್ಟು ಎಲ್ಲಿವೆ ಎಂದು ಬಿಂದು ಇಟ್ಟು ತೋರಿಸುವ ಮೂವ್‌ನೆಟ್ ಲೈಟ್ನಿಂಗ್ ಎಂಬ ಎಐ ಮಾದರಿ. ಸೆಕೆಂಡಿಗೆ ಎಂಟು ಚಿತ್ರ ಸಾಕು, ಹೆಚ್ಚಿಸಿದರೆ ಪೈ ಬಿಸಿಯಾಗುತ್ತದೆ. ಚಿತ್ರ ಎಲ್ಲೂ ಉಳಿಯುವುದಿಲ್ಲ, ಮನೆಯಿಂದ ಹೊರಗೂ ಹೋಗುವುದಿಲ್ಲ. ಅಮ್ಮ ಒಪ್ಪಿದ್ದೇ ಆ ಮಾತಿಗೆ.

ಮೊದಲ ತಪ್ಪು ವೇಗವನ್ನು ನಂಬಿದ್ದು. ಹಾಸಿಗೆ ಹಾಸಿಕೊಂಡು ನಾನೇ ನಲವತ್ತು ಸಲವಾದರೂ ಬಿದ್ದೆ. ಸೊಂಟದ ಬಿಂದು ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆದು ಮಿತಿ ಇಟ್ಟೆ. ಆದರೆ ಎಪ್ಪತ್ತೆಂಟರ ಅಮ್ಮ ನನ್ನ ಹಾಗೆ ಬೀಳುವುದಿಲ್ಲ. ಗೋಡೆ ಹಿಡಿದು, ಮೊಣಕಾಲು ಸೋತು, ನಿಧಾನವಾಗಿ ಕುಸಿಯುತ್ತಾಳೆ. ಒಮ್ಮೆ ಹಾಗೆ ಕುಸಿದಾಗ ಪೆಟ್ಟಿಗೆ ಸುಮ್ಮನಿತ್ತು, ಅದೇ ಸಂಜೆ ಸೊಪ್ಪು ಬಿಡಿಸಲು ಧಪ್ಪನೆ ಕುಳಿತಾಗ ಕೂಗಿತು. ಅಂದಿನಿಂದ ವೇಗವನ್ನು ಕೈಬಿಟ್ಟೆ. ಹೇಗೆ ಬಿದ್ದಳು ಎಂಬುದಕ್ಕಿಂತ ಎದ್ದಳೇ ಇಲ್ಲವೇ ಎಂಬುದನ್ನು ನೋಡತೊಡಗಿದೆ. ಭುಜ ಸೊಂಟದ ಮಟ್ಟಕ್ಕೆ ಇಳಿದು ಇಪ್ಪತ್ತು ಸೆಕೆಂಡು ಹಾಗೆಯೇ ಉಳಿದರೆ ಮಾತ್ರ ಅನುಮಾನ. ನೆಲದ ಮೇಲೆ ಗಂಟೆಗಟ್ಟಲೆ ಬಿದ್ದಿರುವುದೇ ದೊಡ್ಡ ಅಪಾಯ, ಅದರ ಮುಂದೆ ಇಪ್ಪತ್ತು ಸೆಕೆಂಡು ಏನೂ ಅಲ್ಲ.

ಎರಡನೆಯ ಪೀಡೆ ಒಣಹಾಕಿದ ಸೀರೆ. ಮಳೆಗಾಲದಲ್ಲಿ ನಡುಮನೆಯಲ್ಲೇ ಹಗ್ಗ ಕಟ್ಟುತ್ತಾರೆ. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಮೂವ್‌ನೆಟ್ ಹದಿನೇಳು ಬಿಂದುಗಳನ್ನು ಎಲ್ಲಾದರೂ ಇಟ್ಟೇ ಇಡುತ್ತದೆ. ಸೀರೆ ಜಾರಿ ಬಿದ್ದರೆ ಅದಕ್ಕೆ ಅಮ್ಮನೇ ಬಿದ್ದ ಹಾಗೆ. ಪ್ರತಿ ಬಿಂದು ಎಷ್ಟು ಖಚಿತ ಎಂದು ಮಾದರಿ ಒಂದು ಅಂಕ ಕೊಡುತ್ತದೆ. ಆ ಅಂಕದ ಮಿತಿ ಏರಿಸಿದರೆ ನಿಜವಾಗಿ ಮಲಗಿದವರೂ ಕಾಣೆಯಾಗುತ್ತಿದ್ದರು. ಕೊನೆಗೆ ಒಂದು ನಿಯಮ ಮಾಡಿದೆ: ಬಾಗಿಲಿನಿಂದ ನಡೆದು ಬಂದವರು ಮಾತ್ರ ಬೀಳಬಹುದು. ನಡೆದು ಬಾರದ ಸೀರೆಯ ಕಾಟ ಅಂದೇ ಮುಗಿಯಿತು.

ಮಲಗಿದವರು ಕಾಣೆಯಾಗುವುದಕ್ಕೆ ಬೇರೆ ಮದ್ದು. ಮಾದರಿ ನಿಂತವರನ್ನು ಚೆನ್ನಾಗಿ ಗುರುತಿಸುತ್ತದೆ, ಅಡ್ಡ ಬಿದ್ದವರಲ್ಲಿ ತಡವರಿಸುತ್ತದೆ. ಅಂಕ ಕುಸಿದಾಗ ಚಿತ್ರವನ್ನೇ ಎರಡೂ ಕಡೆ ಹೊರಳಿಸಿ ನೋಡುತ್ತೇನೆ:

```python
r = [(k, pose(np.rot90(img, k))) for k in (0, 1, 3)]
k, kp = max(r, key=lambda t: torso(t[1]))
```

`pose` ಎಂದರೆ ಮೂವ್‌ನೆಟ್ ಕೊಡುವ ಬಿಂದುಗಳು, `k` ಎಂದರೆ ಚಿತ್ರವನ್ನು ಎಷ್ಟು ಕಾಲು ಸುತ್ತು ಹೊರಳಿಸಿದೆ ಎಂಬುದು, `torso` ಎಂದರೆ ಎರಡು ಭುಜ, ಎರಡು ಸೊಂಟದ ಅಂಕಗಳ ಸರಾಸರಿ. ಆಮೇಲೆ `k` ನೋಡಿ ಬಿಂದುಗಳನ್ನು ಮತ್ತೆ ಹಿಂದಕ್ಕೆ ಹೊರಳಿಸಬೇಕು. ಅದನ್ನು ಮರೆತು ಎರಡು ದಿನ ಕಳೆದೆ. ಮಲಗಿದವರೆಲ್ಲ ನೆಟ್ಟಗೆ ನಿಂತಿದ್ದಾರೆ ಎಂದೇ ಪೆಟ್ಟಿಗೆ ವರದಿ ಮಾಡುತ್ತಿತ್ತು.

ಕ್ಯಾಮೆರಾ ನಡೆಯುವ ದಾರಿಯ ಎದುರಿಗಿರಬಾರದು, ಪಕ್ಕದ ಗೋಡೆಯಲ್ಲಿರಬೇಕು. ಎದುರಿನಿಂದ ನೋಡಿದರೆ ಉದ್ದಕ್ಕೆ ಬಿದ್ದವರೂ ಮುದುಡಿ ಕುಳಿತವರಂತೆ ಕಾಣುತ್ತಾರೆ.

ಮಧ್ಯಾಹ್ನ ಚಾಪೆ ಹಾಸಿ ಮಲಗುವುದನ್ನು ಬೇರ್ಪಡಿಸಲು ಮಾತ್ರ ಮೂರು ವಾರ ಹೋಯಿತು. ಅರ್ಧ ಉತ್ತರ ಹೇಳುತ್ತೇನೆ: ಮಲಗುವವರು ಮೊದಲು ಕುಳಿತು, ಸ್ವಲ್ಪ ಹೊತ್ತು ಕುಳಿತೇ ಇರುತ್ತಾರೆ. ಉಳಿದರ್ಧ ಸದ್ಯಕ್ಕೆ ನನ್ನಲ್ಲೇ ಇರಲಿ.

ಖರ್ಚು ಹನ್ನೊಂದು ಸಾವಿರದ ಆಸುಪಾಸು. ಅದರಲ್ಲಿ ದಂಡವಾದದ್ದು ಕರೆ ಮಾಡಲೆಂದು ತಂದ, ಸಿಮ್ ಹಾಕುವ ಎಸ್‌ಐಎಂ800ಎಲ್ ಎಂಬ ಪುಟ್ಟ ಮಾಡ್ಯೂಲ್. ಸಿಗ್ನಲ್ ಹುಡುಕುವಾಗ ಎರಡು ಆಂಪಿಯರ್‌ವರೆಗೆ ಎಳೆದು ಪದೇ ಪದೇ ಮರುಚಾಲೂ ಆಗುತ್ತಿತ್ತು, ಅದೂ ಬರಿಯ 2ಜಿ. ಅದನ್ನು ಎಸೆದು ಹಳೆಯ ಮೊಬೈಲ್ ಒಂದನ್ನು ಯುಎಸ್‌ಬಿ ತಂತಿಯಲ್ಲಿ ಕಟ್ಟಿದೆ, ಪೈ ಹೇಳಿದಾಗ ಅದೇ ಕರೆ ಮಾಡುತ್ತದೆ. ಕರೆಂಟು ಹೋದರೆಂದು ರೂಟರ್‌ಗೆ ಹಾಕುವ ಪುಟ್ಟ ಯುಪಿಎಸ್ ಕೂಡ ಇದೆ, ಸಾಗರದ ಮಳೆಗಾಲ ಗೊತ್ತಲ್ಲ. ನಡುವೆ ಕೆಮ್ಮಿನ ಸದ್ದನ್ನೂ ಗುರುತಿಸಲು ಹೊರಟಿದ್ದೆ. ಟಿವಿ ಧಾರಾವಾಹಿಯಲ್ಲಿ ಎಲ್ಲರೂ ಕೆಮ್ಮುತ್ತಾರೆ, ಬಿಟ್ಟೆ.

ಬಚ್ಚಲಿನಲ್ಲಿ ಕ್ಯಾಮೆರಾ ಇಲ್ಲ, ಇಡುವುದೂ ಇಲ್ಲ. ಒಳಗೆ ಹೋದವರು ಇಪ್ಪತ್ತೈದು ನಿಮಿಷ ಹೊರಬಾರದಿದ್ದರೆ ವಿಚಾರಿಸುತ್ತದೆ, ಅಷ್ಟೇ.

ಹೌದು, ಪೆಟ್ಟಿಗೆ ಮೊದಲು ವಿಚಾರಿಸುತ್ತದೆ. ನನ್ನ ದನಿಯಲ್ಲೇ "ಅಮ್ಮಾ, ಬಿದ್ದೆಯಾ? ಹುಷಾರಿದ್ದರೆ ಕೈ ಎತ್ತು" ಎನ್ನುತ್ತದೆ. ಮಣಿಕಟ್ಟಿನ ಬಿಂದು ಮೇಲೆದ್ದರೆ ಸುಮ್ಮನಾಗುತ್ತದೆ. ಉಳಿದಿದ್ದ ಸುಳ್ಳು ಕೂಗುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಯೇ ನಿಂತವು.

ಮಾಘದ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ನೀರು ಕುಡಿಯಲು ಎದ್ದ ಅಮ್ಮ ಹೊಸಿಲಿನ ಬಳಿ ಕುಸಿದಳು. ಪೆಟ್ಟಿಗೆ ಕೇಳಿತು, ಕೈ ಏಳಲಿಲ್ಲ. ಒಂದು ನಿಮಿಷದೊಳಗೆ ಪಕ್ಕದ ಮನೆಗೂ ನನಗೂ ಕರೆ ಬಂತು. ಸೊಂಟ ಉಳಿದಿತ್ತು, ಮಣಿಕಟ್ಟು ಮಾತ್ರ ಬಿರುಕು ಬಿಟ್ಟಿತ್ತು. "ಕೈ ಎತ್ತು ಎಂದೆಯಲ್ಲೋ, ಮುರಿದ ಕೈಯನ್ನು ಹೇಗೆ ಎತ್ತಲಿ?" ಎಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಬೈದಳು.