ಅದೇ 700 ಷೇರು, ಆದರೆ ಕೊಂಡ ಕ್ರಮ ಬೇರೆ

ನಾನು ಗೆಲ್ಲುತ್ತಿದ್ದ ಷೇರಿನಲ್ಲೇ ದುಡ್ಡು ಕಳೆದುಕೊಂಡೆ. 400 ರೂಪಾಯಿಗೆ ಅಂಜಿಕೊಂಡು 100 ಷೇರು ಕೊಂಡಿದ್ದೆ. 420ಕ್ಕೆ ಹೋದಾಗ ಧೈರ್ಯ ಬಂತು, 200 ಕೊಂಡೆ. 440 ಆದಾಗ ಇದು ನಿಲ್ಲೋದೇ ಇಲ್ಲ ಅನ್ನಿಸಿತು, 400 ಕೊಂಡೆ. ಷೇರು 420ಕ್ಕೆ ವಾಪಸ್ ಬಂದಾಗ ಎಲ್ಲವನ್ನೂ ಮಾರಿದೆ. ಮೊದಲ ಬೆಲೆಗಿಂತ 20 ರೂಪಾಯಿ ಮೇಲೆಯೇ ಮಾರಿದರೂ 6,000 ರೂಪಾಯಿ ನಷ್ಟ. (ಲೆಕ್ಕ ಸುಲಭವಾಗಲಿ ಅಂತ ಬೆಲೆಗಳನ್ನು ರೌಂಡ್ ಮಾಡಿದ್ದೇನೆ, ಬ್ರೋಕರೇಜ್ ಬಿಟ್ಟಿದ್ದೇನೆ.)

ಆ ರಾತ್ರಿ ಸುಮ್ನೆ ಅದೇ ಅಂಕಿಗಳನ್ನು ತಲೆಕೆಳಗು ಮಾಡಿ ಬರೆದೆ: ಮೊದಲು 400, ಆಮೇಲೆ 200, ಕೊನೆಗೆ 100. ಷೇರು ಅಷ್ಟೇ, ಬೆಲೆಗಳೂ ಅವೇ. ಆದರೆ ಆವರೇಜ್ 428.57ರ ಬದಲು 411.43. 420ಕ್ಕೆ ಮಾರಿದ್ದರೆ 6,000 ಲಾಭ. ನಾನು ಮೇಲೆ ಹೋದ ಹಾಗೆಲ್ಲ ಹೆಚ್ಚು ಕೊಂಡು, ಆವರೇಜನ್ನು ಬೆಲೆಯ ಬೆನ್ನಿಗೇ ಎಳೆದು ತಂದಿದ್ದೆ.

ಈಗ ಹೀಗೆ ಮಾಡುತ್ತೇನೆ. ಡೆಲಿವರಿಗೆ, ಅಂದರೆ ಕೊಂಡು ಖಾತೆಯಲ್ಲೇ ಇಟ್ಟುಕೊಳ್ಳುವ ಷೇರಿಗೆ, ಇಟ್ಟಿರುವ ಬಂಡವಾಳ 8 ಲಕ್ಷ. ಒಂದು ಕಂಪನಿಯ ಷೇರಿನಲ್ಲಿ ನಷ್ಟ ಅದರ 1%, ಅಂದರೆ 8,000 ದಾಟಬಾರದು. ಎಷ್ಟು ಸಲ ಸೇರಿಸಿದರೂ ಈ 8,000 ಬದಲಾಗುವುದಿಲ್ಲ. 400ರ ಷೇರು ದಿನಕ್ಕೆ ಸರಾಸರಿ 10 ರೂಪಾಯಿ ಆಡುತ್ತದೆ ಅಂದುಕೊಳ್ಳಿ. ಅದರ ಎರಡರಷ್ಟು ಕೆಳಗೆ, 380ಕ್ಕೆ ಸ್ಟಾಪ್‌ಲಾಸ್, ಅಂದರೆ ಅಲ್ಲಿಗೆ ಬಿದ್ದರೆ ಮಾರಿ ಹೊರಬರುವುದು. ಒಂದು ಷೇರಿಗೆ 20 ರೂಪಾಯಿ ರಿಸ್ಕ್, ಹಾಗಾಗಿ 400 ಷೇರು. ಮಿತಿ ಪೂರ್ತಿ ಮುಗಿಯಿತು. ಇನ್ನೊಂದು ಷೇರು ಕೊಳ್ಳಲೂ ಜಾಗವಿಲ್ಲ.

ಆ ಜಾಗವನ್ನು ಬೆಲೆಯೇ ಮಾಡಿಕೊಡಬೇಕು. 420 ಆದಾಗ ಮೊದಲು ಹಳೆಯ 400 ಷೇರುಗಳ ಸ್ಟಾಪ್ ಅನ್ನು 400ಕ್ಕೆ ಏರಿಸುತ್ತೇನೆ. ಅವುಗಳ ರಿಸ್ಕ್ ಸೊನ್ನೆಯಾಯಿತು. ಆಮೇಲೆ 200 ಕೊಳ್ಳುತ್ತೇನೆ, ಅದಕ್ಕೂ ಸ್ಟಾಪ್ 400. ಒಟ್ಟು ರಿಸ್ಕ್ 4,000. 440ಕ್ಕೆ ಬಂದರೆ ಎಲ್ಲದರ ಸ್ಟಾಪ್ 420ಕ್ಕೆ, ಹೊಸದಾಗಿ 100. ಅಲ್ಲಿಂದ ಬಿದ್ದು ಸ್ಟಾಪ್ ಹೊಡೆದರೂ ಹಳೆಯದರಲ್ಲಿ 8,000 ಬಂದು, ಹೊಸದರಲ್ಲಿ 2,000 ಹೋಗಿ, 6,000 ಉಳಿಯುತ್ತದೆ. ಕ್ರಮ ಮಾತ್ರ ತಪ್ಪಬಾರದು: ಮೊದಲು ಸ್ಟಾಪ್, ಆಮೇಲೆ ಕೊಳ್ಳೋದು. ಒಮ್ಮೆ ಅವಸರದಲ್ಲಿ ಮೊದಲು ಕೊಂಡುಬಿಟ್ಟೆ. ಸ್ಟಾಪ್ ಬೆಲೆ ಮುಟ್ಟಿದಾಗ ತಾನಾಗಿಯೇ ಮಾರಾಟದ ಆರ್ಡರ್ ಕಳಿಸುವ ಜಿಟಿಟಿಗೆ ಹೊಸ ಷೇರುಗಳನ್ನು ಸೇರಿಸುವುದು ಮರೆತುಹೋಯಿತು. ಸ್ಟಾಪ್ ಹೊಡೆದಾಗ ಹಳೆಯವು ಮಾತ್ರ ಮಾರಾಟವಾಗಿ, ಹೊಸವು ಇನ್ನೂ ಬೀಳುತ್ತಾ ಖಾತೆಯಲ್ಲೇ ಕೂತಿದ್ದವು.

ಇಷ್ಟಾದರೂ ನನ್ನ ಮಿತಿ ಒಮ್ಮೆ ಮುರಿಯಿತು. ಬೇರೊಂದು ಷೇರು, ಮೂರೂ ಮೆಟ್ಟಿಲು ಹತ್ತಿದ್ದೆ. ಕಾಗದದ ಲೆಕ್ಕದಲ್ಲಿ ಸ್ಟಾಪ್ ಹೊಡೆದರೂ ಲಾಭವೇ. ಸಂಜೆ ಕಂಪನಿಯ ರಿಸಲ್ಟ್ ಬಂತು, ಬೆಳಿಗ್ಗೆ ಷೇರು ನನ್ನ ಸ್ಟಾಪ್‌ಗಿಂತ ಬಹಳ ಕೆಳಗೇ ತೆರೆಯಿತು. ಜಿಟಿಟಿ ಟ್ರಿಗರ್ ಆಗಿತ್ತು. ಆದರೆ ಅದು ಕಳಿಸಿದ್ದು ಲಿಮಿಟ್ ಆರ್ಡರ್, ನಾನು ಹಾಕಿದ ಬೆಲೆಗಿಂತ ಕಡಿಮೆಗೆ ಮಾರುವುದಿಲ್ಲ; ಆ ಬೆಲೆಗೆ ಕೊಳ್ಳುವವರೇ ಇರಲಿಲ್ಲ. ಆರ್ಡರ್ ಪೆಂಡಿಂಗ್ ಅಂತ ತೋರಿಸುತ್ತಾ ನಿಂತಿತು. ಕೊನೆಗೆ ಕೈಯಿಂದಲೇ ಮಾರಿದೆ. ನಷ್ಟ 13,000 ದಾಟಿತ್ತು.

ಅಂದಿನಿಂದ ರಿಸಲ್ಟ್‌ಗೆ ಒಂದು ವಾರ ಇರುವಾಗ ಸೇರಿಸುವುದಿಲ್ಲ. ಜೊತೆಗೆ ಗ್ಯಾಪ್ ಲೆಕ್ಕ ಅಂತ ಇನ್ನೊಂದನ್ನೂ ಹಾಕುತ್ತೇನೆ: ನಾಳೆ ಷೇರು ಇಂದಿನ ಬೆಲೆಗಿಂತ 10% ಕೆಳಗೆ ತೆರೆದರೆ ಎಷ್ಟು ಹೋಗುತ್ತದೆ? ಮೊದಲ 400 ಷೇರಿಗೇ ಈ ಉತ್ತರ 16,000 ಬರುತ್ತದೆ. ಇದನ್ನು 8,000ಕ್ಕೆ ಇಳಿಸಬೇಕೆಂದರೆ ಅರ್ಧ ಮಾತ್ರ ಕೊಳ್ಳಬೇಕು, ನಾನು ಅಷ್ಟು ಬಿಗಿ ಮಾಡಿಲ್ಲ. ಆದರೆ ಸೇರಿಸುವುದರಿಂದ ಆ 16,000 ಹೆಚ್ಚಬಾರದು. 420ರಲ್ಲಿ 200 ಸೇರಿಸಿದರೆ, ಬೆಲೆ 378ಕ್ಕೆ ತೆರೆದಾಗ 17,200 ಹೋಗುತ್ತದೆ. ಆದ್ದರಿಂದ ಈಗ ಎರಡನೇ ಮೆಟ್ಟಿಲಲ್ಲಿ 170 ಷೇರು ಅಷ್ಟೇ. ಸ್ಟಾಪ್ ಲೆಕ್ಕ, ಗ್ಯಾಪ್ ಲೆಕ್ಕ ಎರಡರಲ್ಲಿ ಯಾವುದು ಕಡಿಮೆ ಕೊಡುತ್ತದೋ ಅದೇ ಕ್ವಾಂಟಿಟಿ.

ಇದಕ್ಕೆ ಬೆಲೆಯೂ ತೆರಬೇಕಾಗುತ್ತದೆ. ಷೇರು 420 ಮುಟ್ಟಿ 400ಕ್ಕೆ ವಾಪಸ್ ಬರುವುದು ತುಂಬಾ ಸಲ ಆಗುತ್ತದೆ. ಸುಮ್ಮನಿದ್ದು 400ಕ್ಕೆ ಹೊರಬಂದಿದ್ದರೆ ಅಸಲು ಹಾಗೇ ಇರುತ್ತಿತ್ತು. ಸೇರಿಸಿದ್ದಕ್ಕೆ 170 ಷೇರಿನ ಮೇಲೆ 3,400 ಹೋಯಿತು. ನನ್ನ ಡೈರಿಯಲ್ಲಿ ಇಂಥ ಸಾಲುಗಳೇ ಜಾಸ್ತಿ, ಮೂರನೇ ಮೆಟ್ಟಿಲು ಕಂಡಿರುವವು ಬೆರಳೆಣಿಕೆಯಷ್ಟು. ಆ 3,400 ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.