ಸಿಗರೇಟಿನ ಮೇಲೆ ಹೊರಿಸಿದ್ದ ಹೆಮಟೋಕ್ರಿಟ್ 58: ನನ್ನ ಅನುಭವ

ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, 58 ಇದ್ದ ಒಬ್ಬರಿಗೆ ನಾನು ಜಾಕ್2 ಜೀನಿನ ಪರೀಕ್ಷೆ ಬರೆದಾಗ ನಮ್ಮ ಹಿರಿಯರೊಬ್ಬರು ನಕ್ಕಿದ್ದರು. ಮಜ್ಜೆ ತಾನಾಗಿಯೇ ಕೆಂಪು ಕಣ ಅತಿಯಾಗಿ ಮಾಡುವ ಪಾಲಿಸೈಥೀಮಿಯಾ ವೆರಾ ಅನ್ನುವ ಕಾಯಿಲೆ ಇದೆಯಾ ಅಂತ ನೋಡುವ ಪರೀಕ್ಷೆ ಅದು. "ಮೂವತ್ತು ವರ್ಷ ಸಿಗರೇಟ್ ಸೇದಿದ್ದಾರೆ, ರಾತ್ರಿಯೆಲ್ಲ ಗೊರಕೆ. ಇನ್ನೇನು ಕಾರಣ ಬೇಕು ನಿಮಗೆ? ಸಿಗರೇಟ್ ಬಿಡಿಸಿ ಸಾಕು" ಅಂದರು. ಅವರದ್ದು ತಪ್ಪು ಮಾತಲ್ಲ. ಹತ್ತರಲ್ಲಿ ಒಂಬತ್ತು ಸಲ ಅಷ್ಟೇ ಸಾಕಾಗುತ್ತದೆ. ಆದರೆ ಆ ಹತ್ತನೆಯವರ ಕಾಯಿಲೆಯನ್ನು ನಾನು ಒಮ್ಮೆ ಗುರುತಿಸದೆ ಬಿಟ್ಟಿದ್ದೆ. ಅದಕ್ಕೇ ಹಟ ಹಿಡಿದೆ.

ಮೊದಲು ಆ ಹಳೇ ತಪ್ಪು ಹೇಳಿಬಿಡುತ್ತೇನೆ. ಆ ರೋಗಿಯೂ ಸಿಗರೇಟ್ ಸೇದುವವರೇ. ಹಿಮೋಗ್ಲೋಬಿನ್ 18ರ ಮೇಲೆ. ನಾನು 'ಸೆಕೆಂಡರಿ', ಅಂದರೆ ಸಿಗರೇಟಿನಂಥ ಬೇರೆ ಕಾರಣದಿಂದ ಏರಿದ್ದು, ಅಂತ ಬರೆದು ಕಳಿಸಿದೆ. ಸುಮಾರು ಎಂಟು ತಿಂಗಳಿಗೆ ಹೊಟ್ಟೆ ಊದಿಕೊಂಡು ಬಂದರು. ಯಕೃತ್ತಿನಿಂದ ಹೊರಡುವ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆವತ್ತು ಹಿಮೋಗ್ಲೋಬಿನ್ ನೋಡಿದರೆ 15 ಚಿಲ್ಲರೆ! ಗುಲ್ಮ ದೊಡ್ಡದಾಗಿ ಪ್ಲಾಸ್ಮಾ ಹೆಚ್ಚಾದಾಗ ಕೆಂಪು ಕಣ ಎಷ್ಟೇ ಜಾಸ್ತಿ ಇದ್ದರೂ ಅಂಕಿ ಸಾಧಾರಣವಾಗಿಯೇ ಕಾಣುತ್ತದೆ. ಜಾಕ್2 ಪಾಸಿಟಿವ್ ಬಂತು. ಹಳೇ ಸಿಬಿಸಿ ತೆಗೆದು ನೋಡಿದೆ. ಪ್ಲೇಟ್‌ಲೆಟ್ ಮೊದಲಿಂದಲೂ ಐದು ಲಕ್ಷದ ಆಸುಪಾಸು, ಹೆಚ್ಚಾಗಿಯೇ ಇತ್ತು. ಹಿಮೋಗ್ಲೋಬಿನ್ ಒಂದೇ ಸಾಲು ಓದಿ ಕಾಗದ ಮಡಚಿದ್ದು ನಾನೇ.

ಈಗ ಈ ರೋಗಿ. ವಯಸ್ಸು 54. ಹಿಮೋಗ್ಲೋಬಿನ್ 18.6, ಹೆಮಟೋಕ್ರಿಟ್ 58, ಕೆಂಪು ಕಣ 74 ಲಕ್ಷ. ಹೆಮಟೋಕ್ರಿಟ್ಟನ್ನು ಕಣದ ಎಣಿಕೆಯಿಂದ ಭಾಗಿಸಿದರೆ ಎಂಸಿವಿ, ಅಂದರೆ ಕಣದ ಸರಾಸರಿ ಗಾತ್ರ, 78. ಇಲ್ಲೇ ನನ್ನ ಕಣ್ಣು ನಿಂತಿದ್ದು. ಆಮ್ಲಜನಕ ಕಡಿಮೆಯಾಗಿ ರಕ್ತ ಏರಿದವರಲ್ಲಿ ಕಣದ ಗಾತ್ರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಇಲ್ಲಿ ಕಣ ಎಷ್ಟೊಂದು, ಆದರೆ ಚಿಕ್ಕದು. ಅಂದರೆ ಮಜ್ಜೆ ಕಬ್ಬಿಣವನ್ನೆಲ್ಲ ತಿಂದು ಖಾಲಿ ಮಾಡಿದೆ. ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೇಳಿದೆ, ಬರೀ 9 ಬಂತು. ಹುಟ್ಟಿನಿಂದ ಬರುವ ಥಲಸ್ಸೀಮಿಯಾ ಟ್ರೇಟ್‌ನಲ್ಲೂ ಕಣ ಜಾಸ್ತಿ, ಗಾತ್ರ ಚಿಕ್ಕದು, ನಿಜ. ಆದರೆ ಬರೀ ಟ್ರೇಟ್ ಇದ್ದರೆ ಹಿಮೋಗ್ಲೋಬಿನ್ 18 ದಾಟಲ್ಲ. ಬಿಳಿ ಕಣ 13 ಸಾವಿರ ಇತ್ತು. ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಸಿಗರೇಟೂ ಅಷ್ಟು ಏರಿಸುತ್ತದೆ. ಪ್ಲೇಟ್‌ಲೆಟ್ 5.2 ಲಕ್ಷವನ್ನು ಹಿಡಿದೆ. ಪಾಲಿಸೈಥೀಮಿಯಾ ವೆರಾದಲ್ಲಿ ಕಾಣುವ ಹಾಗೆ ಬಿಸಿನೀರಿನ ಸ್ನಾನ ಆದಮೇಲೆ ತುರಿಕೆ ಬರುತ್ತಾ ಅಂತ ಕೇಳಿದೆ. "ಡಾಕ್ಟ್ರೇ, ಅದನ್ನೂ ಹೇಳಬೇಕಿತ್ತಾ? ಸೋಪ್ ಬದಲಾಯಿಸಿ ಬದಲಾಯಿಸಿ ಸಾಕಾಯ್ತು" ಅಂದರು. ನಾನು ಕೇಳುವ ಇನ್ನೊಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯಲ್ಲ, ನನ್ನ ಶಿಷ್ಯರಿಗೂ ಸ್ವಲ್ಪ ಬಂಡವಾಳ ಇರಲಿ.

ಹಣದ ವಿಷಯ. ಮೊದಲೆಲ್ಲ ನಾನು ದೊಡ್ಡ ಜೀನ್ ಪ್ಯಾನೆಲ್ಲೇ ಬರೆಯುತ್ತಿದ್ದೆ. ರೋಗಿಯ ಜೇಬು ಖಾಲಿ, ಉತ್ತರ ಮಾತ್ರ ಅದೇ ಒಂದು ಸಾಲು. ಪಾಲಿಸೈಥೀಮಿಯಾ ವೆರಾದಲ್ಲಿ ಸುಮಾರು 95 ಶೇಕಡಾ ಜನರಿಗೆ ಜಾಕ್2 ಜೀನಿನಲ್ಲಿ ವಿ617ಎಫ್ ಅನ್ನುವ ಬದಲಾವಣೆ ಇರುತ್ತದೆ. ಹಾಗಾಗಿ ಈಗ ಅದೊಂದನ್ನೇ ಮೊದಲು ಕಳಿಸುತ್ತೇನೆ, ಜೊತೆಗೆ ಕೆಂಪು ಕಣ ಮಾಡಿಸುವ ಹಾರ್ಮೋನ್ ಆದ ಎರಿಥ್ರೊಪೊಯೆಟಿನ್. ವಿ617ಎಫ್ ನೆಗೆಟಿವ್ ಬಂದು, ಎರಿಥ್ರೊಪೊಯೆಟಿನ್ ಕೂಡ ಕಡಿಮೆ ಇದ್ದರೆ ಮಾತ್ರ ಅದೇ ಜೀನಿನ ಇನ್ನೊಂದು ಭಾಗವಾದ ಎಕ್ಸಾನ್ 12ರ ಕಡೆ ಹೋಗುತ್ತೇನೆ. ಚಿಕಿತ್ಸೆ ಅಂತ ರಕ್ತ ತೆಗೆದು ಹೊರಹಾಕುವ ಮೊದಲೇ ಎರಡೂ ಸ್ಯಾಂಪಲ್ ಹೋಗಬೇಕು. ಇದನ್ನೂ ಪೆಟ್ಟು ತಿಂದೇ ಕಲಿತೆ. ಒಮ್ಮೆ ಅವಸರಕ್ಕೆ ಮೊದಲು 450 ಎಂಎಲ್ ತೆಗೆದು, ಆಮೇಲೆ ಎರಿಥ್ರೊಪೊಯೆಟಿನ್ ಕಳಿಸಿದೆ. ರಕ್ತ ಹೋದ ಕೂಡಲೇ ಮೂತ್ರಪಿಂಡ ಅದನ್ನು ಏರಿಸುತ್ತದೆ ಅಲ್ವಾ, ವರದಿ 'ನಾರ್ಮಲ್' ಬಂತು. ಒಂದು ತಿಂಗಳು ಸುಮ್ನೆ ಹೋಯ್ತು.

ಈ 54ರ ರೋಗಿಯ ಎರಿಥ್ರೊಪೊಯೆಟಿನ್ ಲ್ಯಾಬಿನ ಕೆಳಗಿನ ಮಿತಿಗಿಂತಲೂ ಕೆಳಗೆ ಬಂತು, 2ರ ಒಳಗೆ. ಉಸಿರಿನ ತೊಂದರೆಯೇ ಕಾರಣವಾಗಿದ್ದರೆ ಅದು ಅಷ್ಟು ಕೆಳಗೆ ಇರಬಾರದು. ಜಾಕ್2 ಪಾಸಿಟಿವ್. ಮಜ್ಜೆಯ ಬಯಾಪ್ಸಿಯೂ ಒಪ್ಪಿತು. ರಾತ್ರಿ ಆಕ್ಸಿಮೀಟರ್ ಹಾಕಿ ನೋಡಿದಾಗ ಆಮ್ಲಜನಕವೂ ಪದೇ ಪದೇ ಕುಸಿಯುತ್ತಿತ್ತು. ಅಂದರೆ ಹಿರಿಯರೂ ಸರಿ, ನಾನೂ ಸರಿ. ಎರಡೂ ಒಬ್ಬರಲ್ಲೇ ಇದ್ದವು. ಒಂದು ಕಾರಣ ಕಣ್ಣಿಗೆ ಬಿತ್ತು ಅಂತ ಇನ್ನೊಂದು ಇಲ್ಲ ಅಂತಲ್ಲ. ಹಗಲಲ್ಲಿ ಬೆರಳಿನ ಆಕ್ಸಿಮೀಟರ್ 96 ತೋರಿಸಿತ್ತು. ಸಿಗರೇಟ್ ಸೇದುವವರಲ್ಲಿ ಅದನ್ನು ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಅದು ಒಳ್ಳೆಯದೇ ಅಂತ ಎಣಿಸುತ್ತದೆ.

ಪಾಲಿಸೈಥೀಮಿಯಾ ವೆರಾ ಇರುವವರು, ಆಮ್ಲಜನಕ ಕಡಿಮೆಯಾಗಿ ಕಣ ಏರಿದವರು, ಇಬ್ಬರದ್ದೂ ರಕ್ತ ದಪ್ಪವೇ, ಚಿಕಿತ್ಸೆ ಯಾಕೆ ಬೇರೆ ಅಂತ ಒಬ್ಬ ಕಿರಿಯ ಡಾಕ್ಟರ್ ಕೇಳಿದರು. ಹೆಮಟೋಕ್ರಿಟ್ ಏರಿದಂತೆ ರಕ್ತದ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, ಸಮನಾಗಿ ಏರಲ್ಲ. 50 ದಾಟಿದ ಮೇಲೆ ಒಂದೊಂದು ಅಂಕಿಗೂ ಅದು ಇನ್ನೂ ಜೋರಾಗಿ ಏರುತ್ತದೆ. ಹರಿವು ನಿಧಾನ ಇರುವ ವೇನ್‌ಗಳಲ್ಲಿ ಇದು ಜಾಸ್ತಿ ಕಾಡುತ್ತದೆ. ಯಾಕಂದ್ರೆ ಅಲ್ಲಿ ಕೆಂಪು ಕಣಗಳು ನಾಣ್ಯ ಪೇರಿಸಿದ ಹಾಗೆ ಅಂಟಿಕೊಳ್ಳುತ್ತವೆ. ಹರಿವು ಜೋರಿರುವ ಕಡೆ ಕೆಂಪು ಕಣಗಳು ನಾಳದ ನಡುವೆ ಓಡಿ ಪ್ಲೇಟ್‌ಲೆಟ್‌ಗಳನ್ನು ಗೋಡೆಯ ಕಡೆ ತಳ್ಳುತ್ತವೆ. ಗೋಡೆಯ ಹತ್ತಿರ ಪ್ಲೇಟ್‌ಲೆಟ್ ಕಿಕ್ಕಿರಿದರೆ ಹೆಪ್ಪಿಗೆ ಅದೇ ದಾರಿ. ಇಷ್ಟು ಇಬ್ಬರಿಗೂ ಸಮ. ಪಾಲಿಸೈಥೀಮಿಯಾ ವೆರಾದಲ್ಲಿ ಇದರ ಮೇಲೆ ಪ್ಲೇಟ್‌ಲೆಟ್, ಬಿಳಿ ಕಣಗಳು ತಾವೇ ಕೆರಳಿರುತ್ತವೆ, ಕೆಂಪು ಕಣವೂ ನಾಳದ ಗೋಡೆಗೆ ಅಂಟುತ್ತದೆ. ಅದಕ್ಕೇ ಅಲ್ಲಿ 45ರ ಕೆಳಗೆ ಇಳಿಸಬೇಕು. 2013ರಲ್ಲಿ ಬಂದ ಸೈಟೋ-ಪಿವಿ ಅಧ್ಯಯನದಲ್ಲಿ 45ರಿಂದ 50ರ ನಡುವೆ ಬಿಟ್ಟವರಲ್ಲಿ ಹೃದಯ-ರಕ್ತನಾಳದ ಸಾವು ಮತ್ತು ದೊಡ್ಡ ಹೆಪ್ಪು ಸೇರಿ ಸುಮಾರು ನಾಲ್ಕು ಪಟ್ಟು ಜಾಸ್ತಿ ಇತ್ತು. ಹುಟ್ಟಿನಿಂದ ಹೃದಯದ ತೊಂದರೆ ಇದ್ದು ಮೈ ನೀಲಿಗಟ್ಟುವವರಿಗೆ ಇದೇ 45ರ ಗುರಿ ಹಾಕಿದರೆ ಕೆಲಸ ಕೆಡುತ್ತದೆ. ಅವರ ಆಮ್ಲಜನಕ ಸಾಗಿಸುವುದೇ ಆ ಹೆಚ್ಚುವರಿ ಕಣಗಳು.

ನಡುವೆ ಒಂದು ಸಣ್ಣ ಪ್ರಯೋಗ. ಆಸ್ಪಿರಿನ್ ಶುರು ಮಾಡುವ ಮೊದಲು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ನೋಡುವ ಎಪಿಟಿಟಿ ಪರೀಕ್ಷೆ 48 ಸೆಕೆಂಡ್ ಬಂತು, ಜಾಸ್ತಿ. ರಕ್ತಸ್ರಾವದ ಕಾಯಿಲೆ ಇದೆ, ಆಸ್ಪಿರಿನ್ ಬೇಡ ಅಂತ ವಾರ್ಡಿನಲ್ಲಿ ಗಲಾಟೆ. ಟ್ಯೂಬ್ ಕೈಗೆತ್ತಿಕೊಂಡು ನೋಡಿ. ಹೆಮಟೋಕ್ರಿಟ್ 58 ಅಂದರೆ ಪ್ಲಾಸ್ಮಾ ಕಡಿಮೆ, ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಹಾಕಿರುವ ಸಿಟ್ರೇಟ್ ಮಾತ್ರ ಅಷ್ಟೇ ಇದೆ. ಹೆಚ್ಚಾದ ಸಿಟ್ರೇಟೇ ಸಮಯ ಎಳೆಯುತ್ತದೆ. 55 ದಾಟಿದವರಿಗೆ ಸಿಟ್ರೇಟ್ ಕಡಿಮೆ ಮಾಡಬೇಕು:

```
C = 0.00185 × (100 − Hct) × V
```

C ಅಂದರೆ ಬೇಕಾದ ಸಿಟ್ರೇಟಿನ ಎಂಎಲ್, Hct ಅಂದರೆ ಹೆಮಟೋಕ್ರಿಟ್, V ಅಂದರೆ ರಕ್ತದ ಎಂಎಲ್. 4.5 ಎಂಎಲ್‌ಗೆ ಲೆಕ್ಕ ಹಾಕಿದರೆ 0.35 ಎಂಎಲ್ ಸಾಕು, ಟ್ಯೂಬಿನಲ್ಲಿ 0.5 ಇತ್ತು. ಸರಿ ಮಾಡಿ ಮತ್ತೆ ತೆಗೆಸಿದಾಗ 33. ಗಲಾಟೆ ಅಲ್ಲಿಗೆ ನಿಂತಿತು.

ಆಸ್ಪಿರಿನ್ 75 ಎಂಜಿ ಶುರು ಮಾಡಿ, ಸುಮಾರು ನಾಲ್ಕು ವಾರದಲ್ಲಿ ಐದು ಸಲ 450 ಎಂಎಲ್ ತೆಗೆದೆವು. ಸಲಕ್ಕೆ ಮೂರು ಅಂಕಿಯಷ್ಟು ಇಳಿದು ಹೆಮಟೋಕ್ರಿಟ್ 44ಕ್ಕೆ ಬಂತು. ಬೇರೆ ಕಡೆ ಯಾರೋ ಫೆರಿಟಿನ್ ನೋಡಿ ಕಬ್ಬಿಣದ ಮಾತ್ರೆ ಬರೆದಿದ್ದರು. ಅದನ್ನು ನಿಲ್ಲಿಸಲೇ ಅರ್ಧ ಗಂಟೆ ಹಿಡಿಯಿತು. ಕಬ್ಬಿಣ ಕೊಟ್ಟರೆ ಹೆಮಟೋಕ್ರಿಟ್ ಮತ್ತೆ ಹಾರುತ್ತದೆ. ರಾತ್ರಿ ಉಸಿರಾಟಕ್ಕೆ ನೆರವಾಗುವ ಮಾಸ್ಕ್ ಹಾಕಿಸಿದೆವು, ಸಿಗರೇಟ್ ದಿನಕ್ಕೆ ಎರಡಕ್ಕೆ ಇಳಿದಿದೆ. ಅವರು ಹೇಳೋದು ಎರಡು, ನಾನು ಐದು ಅಂದುಕೊಂಡಿದ್ದೇನೆ. ಹಿರಿಯರು ವರದಿ ನೋಡಿ "ಹ್ಞೂಂ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಕಬ್ಬಿಣ ಖಾಲಿಯಾದಂತೆ ಪ್ಲೇಟ್‌ಲೆಟ್ ಮಾತ್ರ ಏರುತ್ತಿದೆ, ಮೊನ್ನೆ ಏಳೂವರೆ ಲಕ್ಷ. ಹತ್ತು ಲಕ್ಷ ದಾಟಿದರೆ, ರಕ್ತಸ್ರಾವದ ಅಪಾಯ ಇದೆಯಾ ಅಂತ ನೋಡುವ ವಾನ್ ವಿಲ್ಲೆಬ್ರಾಂಡ್ ಪರೀಕ್ಷೆ ಮಾಡಿಸದೆ ಆಸ್ಪಿರಿನ್ ಮುಂದುವರಿಸಲ್ಲ.